ಅಪ್‌ಡೇಟ್: ಕೀಚಲು ದನಿ ಸರಿಹೋಯಿತು

ನನ್ನ ಪ್ರಶ್ನೆ: "ರೆಕಾರ್ಡ್ ಮಾಡಿದ ಮಾತು ಅಳಿಲಿನ ಹಾಗೆ ಕೀಚಲಾಗಿ, ಬೇಗಬೇಗ ಓಡುತ್ತಿದೆ. ಏಕೆ?"

ಸುಳಿವು ಸಿಕ್ಕಿದ್ದು ಅವಧಿಯಲ್ಲಿ. ಗಡಿಯಾರದ ಪ್ರಕಾರ 30 ನಿಮಿಷ ಮಾತಾಡಿದ್ದೆ, ಫೈಲ್ ಮಾತ್ರ 20 ನಿಮಿಷ ತೋರಿಸುತ್ತಿತ್ತು. ಫೈಲಿನ ಮೇಲೆ ಸ್ಯಾಂಪಲ್ ದರ, ಅಂದರೆ ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಎಂಬ ಲೆಕ್ಕ, 48000 ಎಂದಿತ್ತು. 48000 × 20 ÷ 30 = 32000. ಅಂದರೆ ರೆಕಾರ್ಡರ್ ಸೆಕೆಂಡಿಗೆ 32000 ಸ್ಯಾಂಪಲ್ ಹಿಡಿದಿತ್ತು, ಪ್ಲೇಯರ್ ಅವನ್ನೇ ಸೆಕೆಂಡಿಗೆ 48000ದಂತೆ ಓದಿ ಮುಗಿಸುತ್ತಿತ್ತು. ಹಾಗಾಗಿ ವೇಗವೂ ಶ್ರುತಿಯೂ ಒಂದೂವರೆ ಪಟ್ಟು.

ಮೊದಲು Audacity ಎಂಬ ಆಡಿಯೊ ಎಡಿಟರ್‌ನಲ್ಲಿ Resample ಮಾಡಿ ಒಂದು ಸಂಜೆ ಕಳೆದೆ. ಕೀಚಲು ಹಾಗೇ ಉಳಿಯಿತು, ಏಕೆಂದರೆ Resample ತಪ್ಪು ವೇಗವನ್ನೇ ಜತನವಾಗಿ ಹೊಸ ದರಕ್ಕೆ ಇಳಿಸುತ್ತದೆ. ಬೇಕಿದ್ದದ್ದು ಹಣೆಪಟ್ಟಿ ಬದಲಾವಣೆಯಷ್ಟೇ: ಟ್ರ್ಯಾಕಿನ ಹೆಸರಿನ ಮೆನುವಿನಲ್ಲಿ Rate, ಅಲ್ಲಿ 32000 Hz. ತಕ್ಷಣ 30 ನಿಮಿಷ, ನನ್ನದೇ ದನಿ! ಆಮೇಲೆ 48000ಕ್ಕೆ ಎಕ್ಸ್‌ಪೋರ್ಟ್ ಮಾಡಿದೆ. ದನಿಯ ಗುಣಮಟ್ಟ ಕೆಟ್ಟಿಲ್ಲ.