ಜಡ್ಜ್‌ಗಳ ರೆಕಾರ್ಡಿಂಗ್‌: ಒಂದು ಟೀಮಿನ ಮಾತು ಇನ್ನೊಂದಕ್ಕೆ ಹೋಗುತ್ತಿದೆ

ತಿಲಕವಾಡಿ_ಟೆಕ್: ಬೆಳಗಾವಿಯಲ್ಲಿ ನಮ್ಮ ಹ್ಯಾಕಥಾನ್ ಮುಗಿಯಿತು. ಜಡ್ಜ್‌ಗಳ ಮಾತನ್ನು ಪಠ್ಯ ಮಾಡಲು ವಿಸ್ಪರ್‌ಗೆ ಹಾಕಿ, ಪ್ರತಿ ಟೀಮಿನ ಪ್ಲಸ್, ಮೈನಸ್, ಮಾರ್ಕ್ಸ್‌ಗೆ ಕಾರಣ ಬರೆಯುತ್ತಿದ್ದೇನೆ. 7ನೇ ಟೀಮಿಗೆ "ನೆಟ್ ಇಲ್ದೆ ನಡೆಯುತ್ತೆ" ಅಂತ ಪ್ಲಸ್ ಬಂದಿದೆ, ಹುಡುಗರು ಅದು ನಮ್ಮದಲ್ಲ ಅಂತಾರೆ. ಜೊತೆಗೆ ಪಠ್ಯವೆಲ್ಲ ದೇವನಾಗರಿಯಲ್ಲಿ ಬಂದಿದೆ. ತಲೆ ಕೆಟ್ಟಿದೆ.

ಗೋಳಗುಮ್ಮಟ_ಆಡಿಯೋ: ಮೈಕ್ ಸಮಸ್ಯೆ. ವಿಜಯಪುರದಲ್ಲಿ ನಾವು ಪ್ರತಿ ಜಡ್ಜ್‌ಗೂ ಕಾಲರ್ ಮೈಕ್ ಕೊಟ್ಟು, ನಾಲ್ಕು ಟ್ರ್ಯಾಕ್ ಬೇರೆ ಬೇರೆ ತೆಗೆದಿದ್ವಿ. ಏನು ಕ್ಲಿಯರ್ ಅಂತೀರಿ! ಮೊದಲು ಫ್ಯಾನ್ ಸದ್ದು ತೆಗೀರಿ.

ಬಾಗಲಕೋಟೆ_ಮೇಡಂ: ಎಲ್ಲ ಟೀಮೂ ಒಂದೇ ಫೈಲಾ? ಮೊದಲು ಯಾರು ಮಾತಾಡಿದ್ದು?

ತಿಲಕವಾಡಿ_ಟೆಕ್: ಹೌದು ಮೇಡಂ, ಟೇಬಲ್ ಮೇಲೆ ಒಂದೇ ಫೋನ್. ಶುರುವಿಗೆ ಒಬ್ಬ ಜಡ್ಜ್ ಮರಾಠಿಯಲ್ಲಿ ಸ್ವಾಗತ ಹೇಳಿದ್ರು.

ಬಾಗಲಕೋಟೆ_ಮೇಡಂ: ಅದೇ ನೋಡಿ. ಭಾಷೆ ಹೇಳದಿದ್ದರೆ ವಿಸ್ಪರ್ ಮೊದಲ 30 ಸೆಕೆಂಡ್ ಕೇಳಿ ಇಡೀ ಫೈಲ್‌ಗೆ ಅದೇ ಭಾಷೆ ಅಂದುಕೊಳ್ಳುತ್ತೆ. ಟೀಮ್‌ವಾರು ಕತ್ತರಿಸಿ, ಭಾಷೆ ನೀವೇ ಕೊಡಿ:

```
ffmpeg -i full.m4a -ss 01:12:40 -to 01:21:05 -ac 1 -ar 16000 team07.wav
whisper team07.wav --model medium --language kn --condition_on_previous_text False
```

ಕೊನೆಯ ಆಯ್ಕೆ ಒಂದೇ ಸಾಲು ಮತ್ತೆ ಮತ್ತೆ ಬರೋದನ್ನು ಕಮ್ಮಿ ಮಾಡುತ್ತೆ. ಎಲ್ಲಿ ಕತ್ತರಿಸೋದು ಅನ್ನೋದು ಮುಖ್ಯ. ಮುಂದಿನ ಟೀಮ್ ಲ್ಯಾಪ್‌ಟಾಪ್ ಜೋಡಿಸುವಾಗಲೂ ಜಡ್ಜ್‌ಗಳು ಹಿಂದಿನವರ ಬಗ್ಗೆನೇ ಮಾತಾಡ್ತಿರ್ತಾರೆ, ಹಾಗಾಗಿ ಮುಂದಿನವರು ಬಾಯಿ ಬಿಟ್ಟ ಮೇಲೆ ಕತ್ತರಿಸಿ. "ನೆಟ್" ಸಾಲಿನ ಹಿಂದೆ ಮುಂದೆ ಕೇಳಿ ನೋಡಿ.

ತಿಲಕವಾಡಿ_ಟೆಕ್: ಕೇಳಿದೆ. "ಹಿಂದಿನವರದ್ದು ನೆಟ್ ಇಲ್ದೆ ನಡೆಯುತ್ತೆ, ಇವರದ್ದು ಕಬ್ಬಿನ ಗದ್ದೆಯಲ್ಲಿ ನಿಂತುಹೋಗುತ್ತೆ" ಅಂದಿದ್ದಾರೆ! ಎರಡನೇ ಅರ್ಧ ಪಠ್ಯದಲ್ಲಿ ಗಜಿಬಿಜಿಯಾಗಿತ್ತು.

ಬಾಗಲಕೋಟೆ_ಮೇಡಂ: ಅಂದ್ರೆ 6ಕ್ಕೆ ಪ್ಲಸ್, 7ಕ್ಕೆ ಮೈನಸ್. "ಹಿಂದಿನವರು", "ಆಗ ಬಂದವರು", "ಇವರಿಗಿಂತ" ಈ ಮಾತು ಬಂದಲ್ಲೆಲ್ಲ ಆಡಿಯೋ ಕೇಳದೆ ಬರೀಬೇಡಿ. ಪ್ರತಿ ಅಂಶದ ಪಕ್ಕ ಸಮಯ ಹಾಕಿ, ಯಾರಾದ್ರೂ ಕೇಳಿದ್ರೆ ತೋರಿಸಬಹುದು.

ಗೋಳಗುಮ್ಮಟ_ಆಡಿಯೋ: ಕಾಲರ್ ಮೈಕ್ ಇದ್ದಿದ್ರೆ ಗಜಿಬಿಜಿನೇ ಆಗ್ತಿರಲಿಲ್ಲ.

ಬಾಗಲಕೋಟೆ_ಮೇಡಂ: ನಿಜ ರೀ, ಆದರೆ "ಹಿಂದಿನವರು" ಅಂದ್ರೆ ಯಾರು ಅಂತ ಮೈಕ್ ಹೇಳಲ್ಲ.

ಕೋಡ್_ಕಾಕಾ: ಮಾರ್ಕ್ಸ್ ಶೀಟ್ ಇದೆ ಅಲ್ವಾ? ಹೊಸತನಕ್ಕೆ 10ಕ್ಕೆ 4 ಅಂದ್ರೆ "ಐಡಿಯಾ ಹಳೇದು" ಅಂತ ಬರೆದುಬಿಡಿ. ನಾನು ಹಾಗೇ ಮಾಡೋದು.

ಬಾಗಲಕೋಟೆ_ಮೇಡಂ: ಶೀಟ್ ಜೊತೆಗಿಟ್ಟುಕೊಳ್ಳೋದು ಸರಿ, ಕಾಕಾ. ಕಾರಣ ಮಾತ್ರ ಹುಟ್ಟಿಸಬಾರದು. ಡೆಮೊ ತೋರಿಸಲು ಸಮಯ ಸಿಗದೆ 4 ಬಂದಿರಬಹುದು. ಜಡ್ಜ್ ಬಾಯಲ್ಲಿ ಬಂದಿಲ್ಲ ಅಂದ್ರೆ "ಕಾರಣ ಹೇಳಿಲ್ಲ" ಅಂತ ಬರೆಯಿರಿ.

ಕೋಡ್_ಕಾಕಾ: ಹಾಗೆ ಬರೆದ್ರೆ ಹುಡುಗರು ಜಗಳಕ್ಕೆ ಬರ್ತಾರೆ.

ತಿಲಕವಾಡಿ_ಟೆಕ್: 7ಕ್ಕೆ ನಿಜಕ್ಕೂ 4 ಇದೆ, ಮಾತಲ್ಲಿ ಕಾರಣ ಇಲ್ಲ. ಜಡ್ಜ್‌ಗೆ ಫೋನ್ ಮಾಡಿ ಕೇಳಲಾ? ಅವರು ಈಗ ಹೊಸ ಕಾರಣ ಹೇಳಿದ್ರೆ ಅದನ್ನು ಹಾಕಬಹುದಾ?

ಬಾಗಲಕೋಟೆ_ಮೇಡಂ: ಕೇಳಿ. ಆದರೆ "ಆಮೇಲೆ ಹೇಳಿದ್ದು" ಅಂತ ಬೇರೆ ಸಾಲಲ್ಲಿ ಹಾಕಿ.

ಕೋಡ್_ಕಾಕಾ: ನಾನು ಒಪ್ಪಲ್ಲ. ಒಂದು ಟೀಮಿಗೆ ಕೇಳಿದ್ರೆ ಎಲ್ಲರಿಗೂ ಕೇಳಬೇಕು.