ಸಹಾಯ ಬೇಕು: ಸ್ಕ್ಯಾನ್ ಸಹಜವಾಗಿದ್ದರೂ ಎಂಡೊಮೆಟ್ರಿಯೋಸಿಸ್ ಶಂಕೆ

ನನಗೆ 29 ವರ್ಷ. ಆರು ವರ್ಷಗಳಿಂದ ಮುಟ್ಟಿನ ಮೊದಲ ಎರಡು ದಿನ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಮಲಗುವಷ್ಟು ಕೆಳಹೊಟ್ಟೆ ನೋವು ಬರುತ್ತಿದ್ದು, ಕಳೆದೊಂದು ವರ್ಷದಿಂದ ಉಳಿದ ದಿನಗಳಲ್ಲೂ ಮಂದವಾದ ನೋವು ಇದ್ದೇ ಇರುತ್ತದೆ. ಮುಟ್ಟಿನ ವೇಳೆ ಮಲವಿಸರ್ಜನೆಯೂ ನೋಯುತ್ತದೆ. ಮೆಫೆನಾಮಿಕ್ ಆಸಿಡ್ ಮಾತ್ರೆ ಈಗ ನಾಟುತ್ತಿಲ್ಲ. ಮೂರು ತಿಂಗಳು ನೋವಿನ ದಿನ, ತೀವ್ರತೆ ಬರೆದಿಟ್ಟು ತೋರಿಸಿದ ಮೇಲಷ್ಟೇ ವೈದ್ಯರು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ, ಇರಬಹುದೆಂದು ಶಂಕಿಸಿದರು. ಅಲ್ಲಿಯವರೆಗೆ ಕೇಳಿದ್ದು "ಎಲ್ಲರಿಗೂ ಇರುವುದೇ" ಎಂಬ ಮಾತು.

ಯೋನಿಯ ಮೂಲಕ ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚಾಕೊಲೇಟ್ ಸಿಸ್ಟ್ ಆಗಲಿ, ಕರುಳಿನ ಬಳಿ ಗಂಟಾಗಲಿ ಕಾಣಲಿಲ್ಲ. ಆದರೆ ಹೊಟ್ಟೆಯ ಒಳಪೊರೆಯ ಮೇಲೆ ತೆಳುವಾಗಿ ಹರಡಿದ ಕಾಯಿಲೆ ಸ್ಕ್ಯಾನ್‌ಗೆ ಸಿಗದಿರಬಹುದು, ಎಂಆರ್‌ಐ ಕೂಡ ಅದನ್ನು ತಪ್ಪಿಸಬಹುದು ಎಂದು ಅವರೇ ಹೇಳಿದರು. ಈಗ ಒಬ್ಬ ವೈದ್ಯರು ಮೊದಲು ಕೆಲವು ತಿಂಗಳು ಡೈನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಸೇವಿಸಿ ನೋಡಿ ಎನ್ನುತ್ತಾರೆ. ಇನ್ನೊಬ್ಬರು ನೇರವಾಗಿ ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ ಲ್ಯಾಪರೊಸ್ಕೊಪಿ ಮಾಡಿಸಿ, ಅಂಗಾಂಶದ ತುಣುಕನ್ನು ಪರೀಕ್ಷೆಗೆ ಕಳುಹಿಸೋಣ ಎನ್ನುತ್ತಾರೆ.

ನನ್ನ ಗೊಂದಲ ಇಷ್ಟೇ: ಕಾಯಿಲೆಯಿಲ್ಲದ ಸಾಮಾನ್ಯ ಮುಟ್ಟಿನ ನೋವೂ ಹಾರ್ಮೋನ್ ಮಾತ್ರೆಗೆ ತಗ್ಗುತ್ತದೆಯಾದ್ದರಿಂದ, ನೋವು ಕಡಿಮೆಯಾದರೂ ರೋಗ ಖಚಿತವಾಗುವುದಿಲ್ಲ. ಸದ್ಯಕ್ಕೆ ಗರ್ಭಧಾರಣೆಯ ಯೋಚನೆಯಿಲ್ಲದ ನನ್ನಂಥವರು ರೋಗ ಖಚಿತವಾಗದೆಯೇ ಮಾತ್ರೆ ಆರಂಭಿಸಬಹುದೇ, ಅಥವಾ ಮೊದಲು ಲ್ಯಾಪರೊಸ್ಕೊಪಿ ಮಾಡಿಸಲೇಬೇಕೇ?