ಪದಚರ್ಚೆ: ಸಿಟೊಸ್ಟೆರೊಲೀಮಿಯಾ – ‘ಹೀರಿಕೆಯ ದೋಷ’ ಅಂದರೆ ಅರ್ಥ ಉಲ್ಟಾ ಆಗುತ್ತಾ?

ಸುಜಾತಾ ಬರೆದದ್ದು:

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯಕ್ಕೆ ನಿಮ್ಮ ಸಹಾಯ ಬೇಕು. ನನ್ನ ತಂಗಿಯ ಮಗಳಿಗೆ ಆರು ವರ್ಷ. ಅವಳಿಗೆ ಸಿಟೊಸ್ಟೆರೊಲೀಮಿಯಾ ಇದೆ ಅಂತ ನಾಲ್ಕು ತಿಂಗಳ ಹಿಂದೆ ಗೊತ್ತಾಯಿತು. ಮನೆಯವರಿಗೆಲ್ಲ, ಅದರಲ್ಲೂ ಗದಗಿನಲ್ಲಿರುವ ನಮ್ಮ ಅವ್ವನಿಗೆ, ಓದಿದರೆ ತಿಳಿಯುವ ಹಾಗೆ ಎರಡು ಪುಟ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲನೇ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ.

ಕಾಯಿಲೆ ಗೊತ್ತಾದ ದಿನ ನಮಗೆ ಒಂದು ಕನ್ನಡ ಹಾಳೆ ಕೊಟ್ಟಿದ್ದರು. ಅದರಲ್ಲಿ ‘ಇದು ಸಸ್ಯ ಸ್ಟೆರಾಲ್ ಹೀರಿಕೆಯ ಆನುವಂಶಿಕ ದೋಷ’ ಅಂತಿತ್ತು. ಅವ್ವ ಅದನ್ನು ಎರಡು ಸಲ ಓದಿದಳು. ಹೋದ ವರ್ಷ ಅವಳಿಗೇ ‘ಕಬ್ಬಿಣದ ಅಂಶ ಸರಿಯಾಗಿ ಹೀರಿಕೆ ಆಗುತ್ತಿಲ್ಲ’ ಅಂತ ಹೇಳಿ ಗುಳಿಗೆ ಕೊಟ್ಟಿದ್ದರು. ಹಾಗಾಗಿ ಇದನ್ನೂ ಹಾಗೇ ತಿಳಿದಳು. ‘ಕೂಸಿನ ಮೈಗೆ ಹತ್ತವಲ್ದು, ಇನ್ನಷ್ಟು ಕೊಡಬೇಕು’ ಅಂದಳು. ರಜೆಗೆ ಹೋದಾಗ ಹದಿನೈದು ದಿನ ಶೇಂಗಾ ಹೋಳಿಗೆ, ಎಳ್ಳುಂಡೆ, ರೊಟ್ಟಿಗೆ ಗುರೆಳ್ಳು ಚಟ್ನಿ. ಎಲ್ಲವೂ ಪ್ರೀತಿಯಿಂದ ಮಾಡಿದ್ದು. ಆದರೆ ಆ ಮಗುವಿಗೆ ಯಾವುದು ಬೇಡವೋ ಅದನ್ನೇ ಹುಡುಕಿ ಕೊಟ್ಟ ಹಾಗಾಯಿತು.

ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ. ಅವಳ ಮೊಣಕೈ ಮೇಲೆ, ಹಿಮ್ಮಡಿಯ ಹಿಂದೆ ಹಳದಿ ಬಣ್ಣದ ಗಂಟುಗಳು ಎದ್ದಿದ್ದವು. ನಾವು ನರಹುಲಿ ಅಂದುಕೊಂಡಿದ್ದೆವು. ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲ್ 510 ಬಂತು. ‘ಮನೆತನದಿಂದ ಬರುವ ಅಧಿಕ ಕೊಲೆಸ್ಟ್ರಾಲ್’ ಅಂದರು. ತುಪ್ಪ, ಮೊಟ್ಟೆ ನಿಂತವು. ಅವುಗಳ ಬದಲು ಬಾದಾಮಿ, ಅಗಸೆ ಪುಡಿ, ಅಕ್ಕಿ ತೌಡಿನ ಎಣ್ಣೆ ಬಂದವು. ಐದು ತಿಂಗಳು ಸ್ಟ್ಯಾಟಿನ್ ಗುಳಿಗೆ ನುಂಗಿಸಿದ ಮೇಲೂ 495. ಆಮೇಲೆ ಇನ್ನೊಬ್ಬ ಡಾಕ್ಟರು ಅಪ್ಪ ಅಮ್ಮನ ರಕ್ತವನ್ನೂ ನೋಡಿದರು. ತಂಗಿಗೆ 176, ಭಾವನಿಗೆ 168, ಇಬ್ಬರಲ್ಲೂ ಹೆಚ್ಚಿರಲಿಲ್ಲ. ಅಲ್ಲಿಂದ ದಾರಿ ಬೇರೆ ಆಯಿತು.

ನನ್ನ ಪ್ರಶ್ನೆ ಇಷ್ಟೇ. ‘ಹೀರಿಕೆಯ ದೋಷ’ ಅಂದರೆ ಕನ್ನಡದಲ್ಲಿ ‘ಹೀರಲು ಆಗುತ್ತಿಲ್ಲ’ ಅಂತಲೇ ಅಲ್ವಾ ಕೇಳಿಸುವುದು? ಇಲ್ಲಿ ಆಗುತ್ತಿರುವುದು ಅದರ ಉಲ್ಟಾ. ಇದಕ್ಕೆ ಬೇರೆ ಮಾತು ಸಿಗಬಹುದೇ?

ವೆಂಕಟೇಶ್ ಬರೆದದ್ದು:

ಸುಜಾತಾ ಅವರೇ, ಮೊದಲು ಹೆಸರನ್ನು ಬಿಡಿಸಿ ನೋಡೋಣ. ಇಂಗ್ಲಿಷಿನಲ್ಲಿ ಇದನ್ನು ‘ಸೈಟೊ’ ಅಂತಲೇ ಹೇಳುತ್ತಾರೆ. ಸೈಟೊ ಅಂದರೆ ಜೀವಕೋಶ. ಕೊನೆಯ ‘ಈಮಿಯಾ’ ಅಂದರೆ ರಕ್ತ, ಅನೀಮಿಯಾದಲ್ಲಿ ಇರುವ ಹಾಗೆ. ಹಾಗಾಗಿ ‘ಕೋಶಕೊಬ್ಬುರಕ್ತ’ ಅಥವಾ ‘ಜೀವಕೋಶ ಕೊಬ್ಬಿನ ರೋಗ’ ಅನ್ನಬಹುದು. ‘ಹೀರಿಕೆ’ ಅನ್ನುವ ಪದವೇ ಬೇಡ, ಗೊಂದಲವೂ ಇರುವುದಿಲ್ಲ.

ಡಾ. ಶೈಲಜಾ ಬರೆದದ್ದು:

ವೆಂಕಟೇಶ್ ಸರ್, ಈಮಿಯಾ ಬಗ್ಗೆ ನೀವು ಹೇಳಿದ್ದು ಸರಿ. ಉಚ್ಚಾರವೂ ನಿಜ. ಆದರೆ ಇಲ್ಲಿನ ‘ಸಿಟೊ’ ಕೋಶದ ಸೈಟೊ ಅಲ್ಲ. ಗ್ರೀಕಿನಲ್ಲಿ ‘ಸಿಟೋಸ್’ ಅಂದರೆ ಕಾಳು, ಧಾನ್ಯ. ಸಿಟೊಸ್ಟೆರಾಲ್ ಅನ್ನುವ ಸಸ್ಯ ಸ್ಟೆರಾಲನ್ನು 1897ರಲ್ಲಿ ಗೋಧಿಯಂಥ ಧಾನ್ಯದಿಂದ ತೆಗೆದರು, ಅದಕ್ಕೇ ಆ ಹೆಸರು. ಕೊಲೆಸ್ಟ್ರಾಲ್‌ನ ‘ಕೊಲೆ’ ಅಂದರೆ ಪಿತ್ತ. ಅದು ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ. ಒಂದು ಪಿತ್ತದ ಗಟ್ಟಿ, ಇನ್ನೊಂದು ಕಾಳಿನ ಗಟ್ಟಿ. ‘ಸ್ಟೆರ್’ ಅಂದರೆ ಗಟ್ಟಿ ಅಂತಲೇ ಅರ್ಥ. ಎರಡೂ ದಾಯಾದಿಗಳು, ರಚನೆಯಲ್ಲಿ ಒಂದು ಸಣ್ಣ ಬಾಲದಷ್ಟೇ ವ್ಯತ್ಯಾಸ. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ‘ಸಿಟೊ’ ಅಂತಲೇ ಇರಲಿ ಅನ್ನುವುದು ನನ್ನ ಆಸೆ. ‘ಸೈಟೊ’ ಅಂತ ಬರೆದರೆ ನಿಮಗೆ ಆದ ಹಾಗೆ ಎಲ್ಲರಿಗೂ ಕೋಶ ನೆನಪಾಗುತ್ತದೆ.

ಈಗ ಸುಜಾತಾ ಅವರ ಪ್ರಶ್ನೆ. ನಾನು ಪ್ರಯೋಗಾಲಯದವಳು, ಈ ಕಾಯಿಲೆಯ ಪರೀಕ್ಷೆಯನ್ನು ಹತ್ತಿರದಿಂದ ನೋಡಿದ್ದೇನೆ. ನಿಮ್ಮ ಅವ್ವ ಓದಿದ್ದರಲ್ಲಿ ತಪ್ಪೇನೂ ಇಲ್ಲ. ಆ ಸಾಲೇ ತಪ್ಪು.

ಕರುಳಿನ ಒಳಗೋಡೆಯಲ್ಲಿ ಒಂದು ಬಾಗಿಲಿದೆ. ಅದು ಕೊಲೆಸ್ಟ್ರಾಲನ್ನೂ ಒಳಗೆ ಬಿಡುತ್ತದೆ, ಕಾಳು ಎಣ್ಣೆಗಳಿಂದ ಬರುವ ಸಿಟೊಸ್ಟೆರಾಲನ್ನೂ ಬಿಡುತ್ತದೆ. ನಾವೆಲ್ಲ ದಿನಕ್ಕೆ 200ರಿಂದ 400 ಮಿಲಿಗ್ರಾಂ ಸಸ್ಯ ಸ್ಟೆರಾಲ್ ತಿನ್ನುತ್ತೇವೆ. ಆದರೆ ಅದೇ ಗೋಡೆಯಲ್ಲಿ ಒಂದು ಪಂಪ್ ಕೂಡ ಇದೆ. ಅದು ಸಸ್ಯ ಸ್ಟೆರಾಲನ್ನು ಗುರುತು ಹಿಡಿದು ವಾಪಸ್ ಕರುಳಿಗೆ ತಳ್ಳುತ್ತದೆ. ಹಾಗಾಗಿ ನೂರರಲ್ಲಿ ಐದು ಭಾಗವೂ ಮೈಗೆ ಸೇರುವುದಿಲ್ಲ. ಇಂಥದ್ದೇ ಪಂಪ್ ಪಿತ್ತಜನಕಾಂಗದಲ್ಲೂ ಇದೆ. ಕಣ್ಣು ತಪ್ಪಿಸಿ ಒಳಗೆ ಬಂದದ್ದನ್ನು ಅದು ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಎಬಿಸಿಜಿ5, ಎಬಿಸಿಜಿ8 ಅನ್ನುವ ಎರಡು ಪ್ರೋಟೀನುಗಳು ಜೋಡಿಯಾಗಿ ಈ ಪಂಪ್ ಆಗುತ್ತವೆ. ಎರಡರಲ್ಲಿ ಒಂದರ ಜೀನ್ ಪೂರ್ತಿ ಕೆಟ್ಟರೂ ಪಂಪ್ ನಿಂತಿತು.

ಅಂದರೆ ಹೀರುವುದರಲ್ಲಿ ಏನೂ ಕೆಟ್ಟಿಲ್ಲ. ಕೆಟ್ಟಿರುವುದು ವಾಪಸ್ ಕಳಿಸುವ ಕೆಲಸ. ಸ್ಟ್ಯಾಟಿನ್ ಯಾಕೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ ಅನ್ನುವುದೂ ಇದರಿಂದ ತಿಳಿಯುತ್ತದೆ. ಸ್ಟ್ಯಾಟಿನ್ ಮೈಯಲ್ಲಿ ತಯಾರಾಗುವ ಕೊಲೆಸ್ಟ್ರಾಲನ್ನು ತಡೆಯುತ್ತದೆ. ಈ ಮಕ್ಕಳಲ್ಲಿ ತಯಾರಿಕೆ ಮೊದಲೇ ಕಮ್ಮಿ ಇರುತ್ತದೆ. ಎಜೆಟಿಮೈಬ್ ಅನ್ನುವ ಔಷಧಿ ಆ ಬಾಗಿಲನ್ನೇ ಮುಚ್ಚುತ್ತದೆ, ಅದಕ್ಕೇ ಅದು ಕೆಲಸ ಮಾಡುತ್ತದೆ.

ವೆಂಕಟೇಶ್ ಬರೆದದ್ದು:

ತಿದ್ದಿದ್ದಕ್ಕೆ ಧನ್ಯವಾದ ಮೇಡಂ. ಕಾಳಿನ ಸಂಬಂಧ ನನಗೆ ಗೊತ್ತಿರಲಿಲ್ಲ. ಹಾಗಾದರೆ ಆ 510 ಅನ್ನುವುದೆಲ್ಲ ಸಿಟೊಸ್ಟೆರಾಲೇ ಅಲ್ವಾ? ಮಾಮೂಲಿ ಪರೀಕ್ಷೆಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂತ ಕೇಳಿದ್ದೇನೆ. ಹಾಗಿದ್ದರೆ ‘ಹುಸಿ ಕೊಲೆಸ್ಟ್ರಾಲ್ ರೋಗ’ ಅನ್ನೋಣವೇ?

ಡಾ. ಶೈಲಜಾ ಬರೆದದ್ದು:

ಮಾಮೂಲಿ ಪರೀಕ್ಷೆಗೆ ಗೊತ್ತಾಗುವುದಿಲ್ಲ ಅನ್ನುವುದು ನಿಜ. ಅದರಲ್ಲಿ ಬಳಸುವ ಕಿಣ್ವ ಸಸ್ಯ ಸ್ಟೆರಾಲನ್ನೂ ಕೊಲೆಸ್ಟ್ರಾಲ್ ಅಂತಲೇ ಲೆಕ್ಕಕ್ಕೆ ಹಾಕುತ್ತದೆ. ಬೇರೆ ಮಾಡಿ ಅಳೆಯಲು ಗ್ಯಾಸ್ ಕ್ರೊಮಾಟೊಗ್ರಫಿಯಂಥ ಪರೀಕ್ಷೆಯೇ ಬೇಕು. ಸಾಮಾನ್ಯ ರಕ್ತದಲ್ಲಿ ಸಿಟೊಸ್ಟೆರಾಲ್ ಡೆಸಿಲೀಟರಿಗೆ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಈ ಕಾಯಿಲೆಯಲ್ಲಿ ಹತ್ತು, ಇಪ್ಪತ್ತು, ಅದಕ್ಕೂ ಜಾಸ್ತಿ ಇರುತ್ತದೆ.

ಆದರೂ ‘ಹುಸಿ’ ಬೇಡ. 510ರಲ್ಲಿ ಬಹುಪಾಲು ನಿಜವಾದ ಕೊಲೆಸ್ಟ್ರಾಲೇ ಇರುತ್ತದೆ. ಆ ಪಂಪ್ ಕೊಲೆಸ್ಟ್ರಾಲನ್ನೂ ಹೊರಗೆ ಹಾಕಬೇಕಿತ್ತು, ಹಾಕುತ್ತಿಲ್ಲ. ಇನ್ನೊಂದು ಕಡೆ ನೋಡಿ. 1974ರಲ್ಲಿ ಭಟ್ಟಾಚಾರ್ಯ ಮತ್ತು ಕಾನರ್ ಈ ಕಾಯಿಲೆಯನ್ನು ಮೊದಲು ವರದಿ ಮಾಡಿದಾಗ ಅವರ ಮುಂದೆ ಇದ್ದದ್ದು ಇಬ್ಬರು ಅಕ್ಕತಂಗಿಯರು. ಸ್ನಾಯುಗಳ ತುದಿಯಲ್ಲಿ ಗಂಟುಗಳಿದ್ದವು, ಕೊಲೆಸ್ಟ್ರಾಲ್ ಹೆಚ್ಚಿರಲಿಲ್ಲ. ಅಂದರೆ ಕೆಲವರಲ್ಲಿ ಕೊಲೆಸ್ಟ್ರಾಲ್ ಮುಗಿಲು ಮುಟ್ಟುತ್ತದೆ, ಕೆಲವರಲ್ಲಿ ಹಾಗಾಗುವುದೇ ಇಲ್ಲ. ಹೆಸರಿನಲ್ಲಿ ಕೊಲೆಸ್ಟ್ರಾಲ್ ಸೇರಿಸಿದರೆ ಈ ಎರಡನೆಯವರು ಬಿಟ್ಟುಹೋಗುತ್ತಾರೆ.

ಸುಜಾತಾ ಅವರೇ, ಮಗುವಿನ ರಕ್ತದ ಪ್ಲೇಟ್‌ಲೆಟ್ ಹೇಗಿತ್ತು?

ರಾಮಚಂದ್ರ ಬರೆದದ್ದು:

ನಮಸ್ಕಾರ. ಇದನ್ನೆಲ್ಲ ಓದಿ ಸ್ವಲ್ಪ ಗಾಬರಿಯಾಯಿತು. ನನಗೆ 61 ವರ್ಷ, ಕೊಲೆಸ್ಟ್ರಾಲ್ 238. ಮಗ ಅಮೆರಿಕದಿಂದ ಸಸ್ಯ ಸ್ಟೆರಾಲ್ ಸೇರಿಸಿದ ಬೆಣ್ಣೆಯಂಥದ್ದೊಂದು ತಂದುಕೊಟ್ಟಿದ್ದಾನೆ, ಕೊಲೆಸ್ಟ್ರಾಲ್ ಇಳಿಸುತ್ತದೆ ಅಂತ ಡಬ್ಬಿ ಮೇಲೆ ಬರೆದಿದೆ. ಇಲ್ಲಿ ನೋಡಿದರೆ ಸಸ್ಯ ಸ್ಟೆರಾಲೇ ವಿಷ ಅನ್ನುವ ಹಾಗಿದೆ. ಶೇಂಗಾ ಎಣ್ಣೆಯನ್ನೂ ಬಿಡಬೇಕಾ?

ಡಾ. ಶೈಲಜಾ ಬರೆದದ್ದು:

ರಾಮಚಂದ್ರ ಸರ್, ಗಾಬರಿ ಬೇಡ. ಇದು ತುಂಬ ಅಪರೂಪದ ಕಾಯಿಲೆ. ಪಂಪ್ ಸರಿ ಇರುವವರಲ್ಲಿ ಸಸ್ಯ ಸ್ಟೆರಾಲ್ ಕರುಳಿನಲ್ಲಿ ಕೊಲೆಸ್ಟ್ರಾಲ್‌ನ ಜಾಗ ಹಿಡಿದು ಅದನ್ನು ಒಳಗೆ ಬಿಡದೆ ಹೊರಗೆ ಹೋಗುತ್ತದೆ. ಡಬ್ಬಿಯ ಮೇಲಿನ ಮಾತಿಗೆ ಅದೇ ಆಧಾರ. ನಿಮ್ಮ ಔಷಧಿಯ ಬಗ್ಗೆ ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ಆ ಡಬ್ಬಿ ಸುಜಾತಾ ಅವರ ಮನೆಗೆ ಮಾತ್ರ ಹೋಗಬಾರದು. ಸುಜಾತಾ ಅವರು ಬರೆಯುತ್ತಿರುವ ಹಾಳೆಯಲ್ಲಿ ಇದೊಂದು ಸಾಲು ಇರಲೇಬೇಕು: ಕೊಲೆಸ್ಟ್ರಾಲ್ ಇದ್ದವರಿಗೆ ಒಳ್ಳೆಯದು ಅಂತ ಅಂಗಡಿಯಲ್ಲಿ ಸಿಗುವುದೇ ಈ ಮಗುವಿಗೆ ಕೆಟ್ಟದ್ದು.

ಮಂಜುನಾಥ ಮೇಷ್ಟ್ರು ಬರೆದದ್ದು:

ಸುಜಾತಾ, ನನ್ನ ತಕರಾರು ಬೇರೆ ಪದದ ಮೇಲೆ. ‘ಆನುವಂಶಿಕ’, ‘ಮನೆತನದಿಂದ ಬರುವ’ ಅಂದ ತಕ್ಷಣ ನಮ್ಮ ಜನ ‘ಯಾರಿಗಿತ್ತು? ಅಜ್ಜನಿಗಾ, ಸೋದರಮಾವನಿಗಾ?’ ಅಂತ ಹುಡುಕಲು ಶುರು ಮಾಡುತ್ತಾರೆ. ಯಾರಿಗೂ ಇಲ್ಲದಿದ್ದರೆ ‘ಹಾಗಾದರೆ ಇದು ವಂಶದ್ದಲ್ಲ’ ಅನ್ನುತ್ತಾರೆ. ಇಲ್ಲಿ ಅಪ್ಪನಿಗೂ ಇಲ್ಲ, ಅಮ್ಮನಿಗೂ ಇಲ್ಲ ಅಂತ ನೀವೇ ಬರೆದಿದ್ದೀರಿ. ‘ಇಬ್ಬರ ಕಡೆಯಿಂದ ಕೂಡಿ ಬಂದದ್ದು’ ಅಂದರೆ ಹೇಗೆ? ‘ರಿಸೆಸಿವ್’ ಅನ್ನುವ ಮೂಲ ವೈದ್ಯಕೀಯ ಪದಕ್ಕೆ ‘ಅಪ್ರಭಾವಿ’ ಅನ್ನುವ ಅನುವಾದ ಇದೆ. ಅದನ್ನು ಓದಿದವರು ಕಾಯಿಲೆಯೇ ಸೌಮ್ಯ ಅಂದುಕೊಳ್ಳುತ್ತಾರೆ. ನನಗೆ ಅದು ಹಿಡಿಸಿಲ್ಲ.

ಸುಜಾತಾ ಬರೆದದ್ದು:

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ.

ಶೈಲಜಾ ಮೇಡಂ, ಪ್ಲೇಟ್‌ಲೆಟ್ ಕಮ್ಮಿ ಇದ್ದವು, ಗಾತ್ರದಲ್ಲಿ ದೊಡ್ಡವು ಅಂತಲೂ ಬರೆದಿದ್ದರು. ಮೊದಲು ಯಾರೂ ಅದನ್ನು ಗಂಟುಗಳ ಜೊತೆ ಸೇರಿಸಿ ನೋಡಿರಲಿಲ್ಲ. ಸಿಟೊಸ್ಟೆರಾಲ್ 24 ಬಂತು. ಈಗ ಎಜೆಟಿಮೈಬ್ ಕೊಡುತ್ತಿದ್ದಾರೆ. ಎಣ್ಣೆ, ಕಾಳು, ಬೀಜಗಳಿಗೆ ಮಿತಿ ಇಟ್ಟಿದ್ದಾರೆ. ಮೂರು ತಿಂಗಳಲ್ಲಿ ಕೊಲೆಸ್ಟ್ರಾಲ್ 230ಕ್ಕೆ ಇಳಿದಿದೆ, ಸಿಟೊಸ್ಟೆರಾಲ್ 15. ಹಿಮ್ಮಡಿಯ ಗಂಟು ಮೆತ್ತಗಾಗಿದೆ, ಹೋಗಿಲ್ಲ. ಸಸ್ಯ ಸ್ಟೆರಾಲ್ ಇಲ್ಲದ ಕಾಳಾಗಲಿ ಸೊಪ್ಪಾಗಲಿ ಇಲ್ಲವಲ್ಲ, ಹಾಗಾಗಿ ಊಟವೊಂದರಿಂದಲೇ ಮುಗಿಯುವುದಿಲ್ಲ ಅಂದಿದ್ದಾರೆ.

ಮೇಷ್ಟ್ರೇ, ನಿಮ್ಮ ಮಾತು ನಮ್ಮ ಮನೆಗೆ ಸರಿಯಾಗಿ ಹೊಂದುತ್ತದೆ. ತಂಗಿಯನ್ನು ಕೊಟ್ಟಿರುವುದು ಸೋದರಮಾವನ ಮಗನಿಗೆ. ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಇತ್ತು, ಒಂದೊಂದು ಒಳ್ಳೆಯ ಪ್ರತಿ ಅವರನ್ನು ಕಾಪಾಡಿತ್ತು. ಮಗಳಿಗೆ ಎರಡೂ ಕೆಟ್ಟವೇ ಬಂದವು. ‘ಇಬ್ಬರ ಕಡೆಯಿಂದ ಕೂಡಿ ಬಂದದ್ದು’ ಅಂತಲೇ ಹಾಕುತ್ತೇನೆ. ಆದರೆ ಅದನ್ನು ಓದಿ ತಂಗಿ ಭಾವ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಳ್ಳಬಾರದು. ಅದಕ್ಕೆ ಹೊಂದುವ ಮಾತು ಯಾರಿಗಾದರೂ ಹೊಳೆದರೆ ಬರೆಯಿರಿ.

ಮೊದಲ ಸಾಲನ್ನು ನಿನ್ನೆ ಫೋನಿನಲ್ಲಿ ಅವ್ವನಿಗೆ ಓದಿದೆ: ‘ಕಾಳು, ಎಣ್ಣೆಗಳಲ್ಲಿರುವ ಒಂದು ಜಿಡ್ಡಿನ ಅಂಶವನ್ನು ಎಲ್ಲರ ಕರುಳೂ ವಾಪಸ್ ಹೊರಗೆ ಹಾಕುತ್ತದೆ; ಇವಳ ಕರುಳಿಗೆ ಅದು ಆಗುವುದಿಲ್ಲ, ಅದು ರಕ್ತದಲ್ಲೇ ಉಳಿಯುತ್ತದೆ.’ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಳಗ ಬಂದದ್ದು ಹೊರಗ ಹೋಗವಲ್ದು ಅಂತ ಅನ್ನಲ್ಲ’ ಅಂದಳು. ಆಮೇಲೆ ಕೊಬ್ಬರಿ ನಡೀತದೇನು ಅಂತ ಕೇಳಿದಳು. ಕೊಬ್ಬರಿ ಎಣ್ಣೆಯಲ್ಲಿ ಎಳ್ಳೆಣ್ಣೆ, ತೌಡಿನ ಎಣ್ಣೆಗಿಂತ ಈ ಅಂಶ ತುಂಬ ಕಮ್ಮಿ, ಆದರೂ ಆಹಾರ ತಜ್ಞರನ್ನು ಕೇಳಿ ಹೇಳುತ್ತೇನೆ ಅಂದೆ.

ಹಾಗಾಗಿ ‘ಹೀರಿಕೆಯ ದೋಷ’ ತೆಗೆದು ‘ಹೊರಹಾಕುವಿಕೆಯ ದೋಷ’ ಅಂತ ಬರೆದಿದ್ದೇನೆ. ಕಿವಿಗೆ ಇನ್ನೂ ಸ್ವಲ್ಪ ಒರಟಾಗಿದೆ. ಮಗುವಿನ ತಮ್ಮನಿಗೆ ಎರಡು ವರ್ಷ, ಅವನ ರಕ್ತವನ್ನೂ ಕಳಿಸಿದ್ದೇವೆ. ಫಲಿತಾಂಶ ಮುಂದಿನ ವಾರ ಬರುತ್ತದೆ. ಅಷ್ಟರೊಳಗೆ ಇದಕ್ಕಿಂತ ಮೆದುವಾದ ಪದ ಸಿಕ್ಕರೆ ದಯವಿಟ್ಟು ತಿಳಿಸಿ.